ಮಗುವಿಗೆ ಕಫ ಬರದಿದ್ದರೆ ಟಿಬಿ ಪತ್ತೆ ಹೇಗೆ?

"ಸಕಲೇಶಪುರದವರು ನಾವು. ಮನೇಲಿ ಮಾವನಿಗೆ ಟಿಬಿ. 3 ವರ್ಷದ ಮಗಳಿಗೆ ಮೂರು ವಾರದಿಂದ ಕೆಮ್ಮು, ತೂಕ ಇಳಿದಿದೆ. ಹೊಟ್ಟೆಯಿಂದ ನೀರು ತೆಗೀತಾರಂತೆ, ಯಾಕೆ? ನೆಗೆಟಿವ್ ಬಂದ್ರೆ?"

ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ರಾತ್ರಿಯಿಡೀ ನುಂಗಿದ್ದು ಬೆಳಗ್ಗೆ ಹೊಟ್ಟೆಯಲ್ಲಿರುತ್ತದೆ. ಎದ್ದು ಓಡಾಡಿದರೆ, ಒಂದು ಗುಟುಕು ಹಾಲು ಕುಡಿದರೂ ಅದು ಕರುಳಿಗೆ ಜಾರುತ್ತದೆ. ಹಾಗಾಗಿ ಬೆಳಗಿನ ಬಸ್ಸಿಗೆ ಹಾಸನಕ್ಕೆ ಕರೆದೊಯ್ದರೆ ಸ್ಯಾಂಪಲ್ ಅರ್ಧ ಹಾಳಾದಂತೆಯೇ. ಹಿಂದಿನ ರಾತ್ರಿಯೇ ಅಡ್ಮಿಟ್ ಮಾಡಿಸಿ, ಸ್ಯಾಂಪಲ್ ತೆಗೆಯುವ ಮುಂಚೆ 4ರಿಂದ 6 ಗಂಟೆಗಳ ಕಾಲ ತಿನ್ನಲು, ಕುಡಿಯಲು ಏನೂ ಕೊಡಬೇಡಿ.

ಹಾಸಿಗೆಯಲ್ಲಿರುವಾಗಲೇ ಮೂಗಿನಿಂದ ತೆಳು ಟ್ಯೂಬ್ ಇಳಿಸಿ 5ರಿಂದ 10 ಮಿಲಿ ಎಳೆಯುತ್ತಾರೆ. ಬಾರದಿದ್ದರೆ ಸ್ವಲ್ಪ ಶುದ್ಧ ನೀರು ಬಿಟ್ಟು ಮತ್ತೆ ಎಳೆಯುತ್ತಾರೆ. ಹೊಟ್ಟೆಯ ಆಮ್ಲ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಲ್ಯಾಬಿಗೆ ತಡವಾಗುವುದಾದರೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಲೇಬೇಕು. ಇದನ್ನು ಮರೆತರೆ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವಾಗ, ಬ್ಯಾಕ್ಟೀರಿಯಾ ಬೆಳೆಯದಿರಬಹುದು. ಮರುದಿನವೂ ತೆಗೆಯುವುದು ಒಳ್ಳೆಯದು.

ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತಲ್ಲ. ಮಕ್ಕಳಲ್ಲಿ ಬ್ಯಾಕ್ಟೀರಿಯಾ ಕಡಿಮೆ, ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆಗೂ ಎಷ್ಟೋ ಸಲ ಸಿಗುವುದಿಲ್ಲ. ಆಗ ಮಾವನ ಸಂಪರ್ಕ, ಇಳಿದ ತೂಕ, ಎಕ್ಸ್‌ರೇಯಲ್ಲಿ ಊದಿದ ಗ್ರಂಥಿ, ಚರ್ಮದ ಪರೀಕ್ಷೆಯಲ್ಲಿ 10 ಮಿಮೀ ಗಡಸು ಊತ ಇವೆಲ್ಲ ಸೇರಿಸಿ ವೈದ್ಯರು ಚಿಕಿತ್ಸೆ ಶುರು ಮಾಡಬಹುದು. ಚರ್ಮದ ಪರೀಕ್ಷೆ ಒಂದೇ ಸಾಲದು, ಅದು ಸೋಂಕು ತಗುಲಿದೆ ಎಂದಷ್ಟೇ ಹೇಳುತ್ತದೆ.

ಮಾವನ ಸಿಬಿನಾಟ್ ವರದಿ ಮರೆಯದೆ ಒಯ್ಯಿರಿ. ಅವರಿಗೆ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟದಿದ್ದರೆ ಮಗುವಿನ ಔಷಧಿಯೂ ಬೇರೆಯಾಗುತ್ತದೆ.