ಆರು ತಿಂಗಳು ತವರಿಗೆ ಹೋಗಬೇಕೇ?

*ನನಗೆ 25, ಅವರಿಗೆ 31. ಮದುವೆಯಾಗಿ ಮೂರು ವರ್ಷ, ದಾವಣಗೆರೆಯಲ್ಲಿ ಅತ್ತೆ-ಮಾವನ ಜೊತೆ ಇದ್ದೇವೆ. ಪ್ರೀತಿಗೆ ಕೊರತೆ ಇಲ್ಲ. ಆದರೆ ಜಗಳ ಶುರುವಾದರೆ ಅವರ ದನಿ ಏರುತ್ತದೆ, ನಾನು ಮೂರು ದಿನ ಮಾತು ಬಿಡುತ್ತೇನೆ. ಕೈ ಎತ್ತಿದವರಲ್ಲ. ಬೇರೆ ಮನೆ ಮಾಡುವ ವಿಷಯ ತೆಗೆಯಬೇಕು, ಧೈರ್ಯ ಬರುತ್ತಿಲ್ಲ. ಇಬ್ಬರ ಜಾತಕ ಹೋಲಿಸಿದರೆ ಅವರ ಕುಜ ನನ್ನ ಚಂದ್ರನ ಮೇಲೆ (ಸಿಂಹ 5°), ನನ್ನ ಶುಕ್ರ ಅವರ ಚಂದ್ರನ ಪಕ್ಕ (ತುಲಾ 7°–8°). ಕುಜ ವಕ್ರಿಯಾಗುವುದರಿಂದ ನವೆಂಬರ್‌ನಿಂದ ಮೇ ವರೆಗೆ ತವರಲ್ಲಿರು ಎಂದು ಸೋದರಮಾವ ಹೇಳುತ್ತಾರೆ. ಮೊಬೈಲ್ ಆ್ಯಪ್ ಮಾತ್ರ ಅಕ್ಟೋಬರ್ 7ಕ್ಕೆ ಜಗಳ ಎಂದು ತೋರಿಸುತ್ತಿದೆ. ಅಕ್ಟೋಬರ್ 2ರ ರಜೆಗೆ ಚಿಕ್ಕಮಗಳೂರಿಗೆ ಹೋಗೋಣ ಎಂದು ಇವರು ಕೋಣೆ ಬುಕ್ ಮಾಡಿದ್ದಾರೆ. ಹೋಗಲೇ, ಬಿಡಲೇ? ಮಾತು ಯಾವಾಗ ತೆಗೆಯಲಿ?*

ತವರಿಗೆ ಹೋಗುವ ಅಗತ್ಯವಿಲ್ಲ. ಚಿಕ್ಕಮಗಳೂರಿಗೆ ಹೋಗಿಬನ್ನಿ. ಮನೆಯ ಮಾತನ್ನು ಡಿಸೆಂಬರ್ ಮೊದಲ ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಯಾಕೆಂದು ಒಂದೊಂದಾಗಿ ಹೇಳುತ್ತೇನೆ. ಲೆಕ್ಕ ನಿಮ್ಮ ಕಣ್ಣಿಗೇ ಕಂಡರೆ ಸೋದರಮಾವನ ಎದುರು ಮಾತಾಡುವುದೂ ಸುಲಭ.

ಮೊದಲು ಆ್ಯಪಿನ ಅಕ್ಟೋಬರ್ 7. ಅದು ತಪ್ಪು, ತಪ್ಪಿನ ಜಾಗವೂ ಗೊತ್ತು. ನಿಮ್ಮ ಜಾತಕ ನಿರಯನ ಪದ್ಧತಿಯದು, ಅಂದರೆ ರಾಶಿಗಳನ್ನು ನಕ್ಷತ್ರಗಳಿಂದ ಅಳೆದದ್ದು. ಆ್ಯಪ್ ಗೋಚಾರದ ಕುಜನನ್ನು, ಅಂದರೆ ಈಗ ಆಕಾಶದಲ್ಲಿ ನಡೆಯುತ್ತಿರುವ ಕುಜನನ್ನು, ವಿಷುವದಿಂದ ಅಳೆಯುವ ಸಾಯನದಲ್ಲಿ ಎಣಿಸುತ್ತಿದೆ. ಎರಡರ ನಡುವೆ ಈಗ ಲಾಹಿರಿ ಅಯನಾಂಶದಂತೆ 24 ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಅಂತರವಿದೆ. ಕುಜ ಈ ಹೊತ್ತಿನಲ್ಲಿ ದಿನಕ್ಕೆ ಅರ್ಧ ಡಿಗ್ರಿ ನಡೆಯುವುದರಿಂದ ದಿನಾಂಕ ಸುಮಾರು ಏಳು ವಾರ ಹಿಂದೆ ಬಿತ್ತು. ಸಾಯನದ ಸಿಂಹ 5°ಕ್ಕೆ ಕುಜ ಬರುವುದು ಅಕ್ಟೋಬರ್ 7ರ ಹೊತ್ತಿಗೆ. ನಿರಯನದ ಸಿಂಹ 5°ಕ್ಕೆ ಬರುವುದು ನವೆಂಬರ್ 24ಕ್ಕೆ. ಯಾವ ಪದ್ಧತಿಯಾದರೂ ಸರಿ, ಜನ್ಮಕುಂಡಲಿಗೂ ಗೋಚಾರಕ್ಕೂ ಒಂದೇ ಇರಬೇಕು. ನಿಮ್ಮ ಆ್ಯಪ್ ಯಾವುದನ್ನು ಬಳಸುತ್ತಿದೆ ಎಂದು ತಿಳಿಯಲು ಏಪ್ರಿಲ್ 15ರ ಸೂರ್ಯನನ್ನು ನೋಡಿ. ಮೇಷದ ಆರಂಭದಲ್ಲಿದ್ದರೆ ನಿರಯನ, ಮೇಷದ ಕೊನೆಯಲ್ಲಿದ್ದರೆ ಸಾಯನ.

ಈಗ ಸೋದರಮಾವನ ಮಾತು. ಅವರು ಹೇಳಿದ ಕಾಲಾವಧಿ ಸುಳ್ಳಲ್ಲ, ಕುಜ ಆ ಆರು ತಿಂಗಳು ಸಿಂಹದಲ್ಲೂ ಕಟಕದ ತುದಿಯಲ್ಲೂ ಓಡಾಡಿಕೊಂಡಿರುತ್ತಾನೆ. ಆದರೆ ಜಾತಕ ಹೋಲಿಕೆಯಲ್ಲಿ ನಾವು ನೋಡುವುದು ರಾಶಿಯನ್ನಲ್ಲ, ಇಬ್ಬರ ಗ್ರಹಗಳೂ ಕೂಡುವ ಬಿಂದುವನ್ನು. ನಿಮ್ಮ ಚಂದ್ರ 5°, ಅವರ ಕುಜ 5° 48'. ಈ ಬಿಂದುವಿನ ಎರಡೂ ಕಡೆ ಒಂದು ಡಿಗ್ರಿ ಬಿಟ್ಟು ಎಣಿಸಿದರೆ ಕುಜ ಅಲ್ಲಿ ನಿಲ್ಲುವುದು ಮೂರು ಸಲ. 2026ರ ನವೆಂಬರ್ 22ರಿಂದ 27ರವರೆಗೆ ನೇರ ನಡಿಗೆಯಲ್ಲಿ. 2027ರ ಫೆಬ್ರವರಿ 19ರಿಂದ 25ರವರೆಗೆ ವಕ್ರಗತಿಯಲ್ಲಿ, ಅಂದರೆ ಹಿಂದಕ್ಕೆ ನಡೆಯುತ್ತ. ಮೇ 10ರಿಂದ 16ರವರೆಗೆ ಮತ್ತೆ ನೇರವಾಗಿ. ಕೂಡಿದರೆ ಸುಮಾರು 20 ದಿನ. ನಡುವೆ ಜನವರಿ 10ಕ್ಕೆ ಕುಜ ವಕ್ರಿಯಾಗುವುದು ಸಿಂಹ 16°ಯಲ್ಲಿ, ನಿಮ್ಮ ಬಿಂದುವಿನಿಂದ ಹತ್ತು ಡಿಗ್ರಿಗೂ ಆಚೆ. ಸಂಕ್ರಾಂತಿ ನಿಶ್ಚಿಂತೆಯಿಂದ ಮಾಡಿ. 20 ದಿನಕ್ಕಾಗಿ ಆರು ತಿಂಗಳು ಗಂಡನನ್ನು ಬಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ದಿನದ ದೂರವೇ ಹೊಸ ಜಗಳಕ್ಕೆ ಕಾರಣವಾಗಬಹುದು, ಅದಕ್ಕೆ ಕುಜನ ಹಂಗೇ ಬೇಡ.

ಕೆಲವರು ಐದಾರು ಡಿಗ್ರಿ ಬಿಟ್ಟು ಎಣಿಸುತ್ತಾರೆ. ಹಾಗೆ ಎಣಿಸಿದರೆ ಕುಜ ಮೂರು ಸಲವೂ ಮೂರು ನಾಲ್ಕು ವಾರ ಬಿಂದುವಿನ ಮೇಲೇ ಇದ್ದಂತಾಗಿ, ಎಲ್ಲ ಜಗಳಕ್ಕೂ ಒಂದು ಗೋಚಾರ ಸಿಕ್ಕೇ ಸಿಗುತ್ತದೆ. ಎಲ್ಲವನ್ನೂ ವಿವರಿಸುವ ಲೆಕ್ಕ ದಿನ ನೋಡಲು ಉಪಯೋಗಕ್ಕೆ ಬಾರದು.

ಪಂಚಾಂಗ ನೋಡುವುದಾದರೆ ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವ ದೃಗ್ಗಣಿತದ್ದನ್ನೇ ನೋಡಿ. ಹಳೆಯ ಸೂರ್ಯಸಿದ್ಧಾಂತದ ಎಣಿಕೆಯಲ್ಲಿ ಕುಜನ ಸ್ಥಾನ ಆಕಾಶಕ್ಕೆ ಹೊಂದದೆ ಹೋಗುವುದುಂಟು, ಆಗ ದಿನಗಳೇ ಏರುಪೇರಾಗುತ್ತವೆ. ನಿಮ್ಮ ಬಿಂದುವಿನ ವಿಷಯದಲ್ಲಿ ಪರೀಕ್ಷೆ ಸುಲಭ, ಯಾಕೆಂದರೆ ಮಘಾ ನಕ್ಷತ್ರದ ಮುಖ್ಯ ತಾರೆಯಾದ ಯೋಗತಾರೆ ಇರುವುದೂ ಸಿಂಹದ 6°ಯ ಹತ್ತಿರ. ನವೆಂಬರ್ 24ರ ಬೆಳಗಿನ ಜಾವ ತಾರಸಿಗೆ ಹೋದರೆ ಬಿಳಿಯ ಮಘೆಯ ಪಕ್ಕದಲ್ಲೇ ಕೆಂಪು ಕುಜ ಕಾಣಬೇಕು. ಫೆಬ್ರವರಿಯಲ್ಲಿ ಸೂರ್ಯ ಮುಳುಗಿದ ಮೇಲೆ ಪೂರ್ವದಲ್ಲಿ ಮಘೆಯ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ನವೆಂಬರ್‌ಗಿಂತ ತುಂಬ ಹೊಳೆಯುತ್ತಾನೆ. ಪಂಚಾಂಗ ಬೇರೆ ಹೇಳಿದರೆ ಆಕಾಶವನ್ನು ನಂಬಿ.

ಈ ಮೂರು ಸುತ್ತಿನಲ್ಲಿ ಎಚ್ಚರ ಬೇಕಾದದ್ದು ಎರಡನೆಯದಕ್ಕೆ. ಫೆಬ್ರವರಿ 20ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮಾಘದ ಹುಣ್ಣಿಮೆ ತುಂಬುತ್ತದೆ, ನಮ್ಮ ಕಡೆಯ ಭಾರತ ಹುಣ್ಣಿಮೆ. ಅಂದು ಚಂದ್ರನೂ ಮಘೆಯಲ್ಲೇ, ಕುಜನ ಜೊತೆಗೇ. ಇಬ್ಬರೂ ನಿಮ್ಮ ಜನ್ಮಚಂದ್ರನ ಮೇಲೆ. ಜೊತೆಗೆ ಆ ಬಿಂದು ನಿಮ್ಮ ಯಜಮಾನರ ಜನ್ಮಕುಜನೂ ಹೌದಲ್ಲ, ಆದ್ದರಿಂದ ಕಾವು ಹುಟ್ಟುವುದು ಅವರಲ್ಲಿ, ತಟ್ಟುವುದು ನಿಮಗೆ ಎಂದು ಓದಬೇಕು. ಅವರಿಗೆ ಆ ವಾರ ಕೆಲಸದಲ್ಲೇ ಕಿರಿಕಿರಿ ಇರಬಹುದು, ಮನೆಗೆ ಬಂದು ದನಿ ಏರಿಸಬಹುದು. ನಿಮ್ಮ ಪಾಲಿನ ಕೆಲಸ ಇಷ್ಟೇ: ಆ ಶನಿವಾರ ಭಾನುವಾರ ಹಣದ ಲೆಕ್ಕ, ಅತ್ತೆಯ ಮಾತು, ಹಳೆಯ ಬಾಕಿ ಯಾವುದನ್ನೂ ಎತ್ತಬೇಡಿ. ಮಾತು ಬಿಡಬೇಕೆನ್ನಿಸಿದರೆ "ನಾಳೆ ಸಂಜೆ ಮಾತಾಡೋಣ" ಎಂದು ಹೇಳಿ ಎದ್ದುಹೋಗಿ. ಹೊತ್ತು ಹೇಳದೆ ಎದ್ದುಹೋಗುವುದರಿಂದಲೇ ನಿಮ್ಮ ಮೂರು ದಿನದ ಮೌನ ಬೆಳೆಯುತ್ತಿರುವುದು. ಕುಜನೆಂದರೆ ಜಗಳ ಮಾತ್ರವಲ್ಲ, ಮೈಯ ಚುರುಕೂ ಅವನದೇ. ಇಬ್ಬರೂ ಕೂಡಿ ಅಟ್ಟ ಖಾಲಿ ಮಾಡುವುದು, ದೂರ ನಡೆದು ಬರುವುದು ಆ ದಿನಗಳಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ಶುಕ್ರ, ನಿಮ್ಮಿಬ್ಬರ ಹತ್ತಿರದ ದಿನಗಳು. ಶುಕ್ರ ಸಾಮಾನ್ಯವಾಗಿ ದಿನಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಓಡುತ್ತಾನೆ, ಒಂದು ಬಿಂದುವನ್ನು ಎರಡು ದಿನದಲ್ಲಿ ದಾಟಿ ಸುಮಾರು ಒಂದು ವರ್ಷ ಅತ್ತ ಸುಳಿಯುವುದಿಲ್ಲ. ಈ ವರ್ಷ ಹಾಗಲ್ಲ. ಅಕ್ಟೋಬರ್ 3ಕ್ಕೆ ತುಲಾ 14°ಯಲ್ಲಿ ವಕ್ರಿಯಾಗಿ, ನವೆಂಬರ್ 14ಕ್ಕೆ ಕನ್ಯೆಯ ಕೊನೆಯಲ್ಲಿ ನೇರವಾಗುತ್ತಾನೆ. ಹಾಗಾಗಿ ನಿಮ್ಮ 7°–8°ಯ ಮೇಲೆ ಮೂರು ಸಲ ಬರುತ್ತಾನೆ: ಸೆಪ್ಟೆಂಬರ್ 12-13, ಅಕ್ಟೋಬರ್ 22-24, ಡಿಸೆಂಬರ್ 5-7. ಮೊದಲ ಸುತ್ತು ಆಸೆಯನ್ನು ಹೊರಗೆ ತರುತ್ತದೆ, ಎರಡನೆಯದು ಹಳೆಯದನ್ನು ಕೆದಕುತ್ತದೆ, ಮೂರನೆಯದು ಒಪ್ಪಂದಕ್ಕೆ ತರುತ್ತದೆ. ವಕ್ರ ಗೋಚಾರವನ್ನು ಹೀಗೆ ಓದುವುದು ರೂಢಿ.

ಸೆಪ್ಟೆಂಬರ್‌ನದು ಗೌರಿ-ಗಣೇಶ ಹಬ್ಬದ ಹೊತ್ತು. ಮನೆ ತುಂಬ ಜನ ಇರುತ್ತಾರೆ, ಆಗ ಬೇರೆ ಮನೆ ಎಂಬ ಶಬ್ದವೇ ಬೇಡ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವರಿಗೆ ಮಾತ್ರ ಒಂದು ಸಾಲಿನಲ್ಲಿ ಹೇಳಿಡಿ, "ನಮ್ಮಿಬ್ಬರಿಗೆ ಒಂದು ಕೋಣೆಯಾದರೂ ನಮ್ಮದು ಅಂತ ಬೇಕು" ಅನ್ನುವಷ್ಟು. ಉತ್ತರ ಕೇಳಬೇಡಿ. ದಸರೆ ಮುಗಿದ ಬೆನ್ನಿಗೆ ಬರುವ ಎರಡನೇ ಸುತ್ತಿನಲ್ಲಿ ಶುಕ್ರ ಸೂರ್ಯನ ಜೊತೆ ಸೇರಿ ಅಸ್ತನಾಗಿರುತ್ತಾನೆ, ಆಕಾಶದಲ್ಲಿ ಕಾಣುವುದೇ ಇಲ್ಲ. ಆಗ ಅವರೇ ಆ ಮಾತು ಎತ್ತಿ ಬೇಡ ಅಂದರೂ ಅದನ್ನು ಕೊನೆಯ ಉತ್ತರ ಎಂದುಕೊಳ್ಳಬೇಡಿ. ಮುಂಗಡ ಕೊಡುವುದು, ಬಾಡಿಗೆ ಕರಾರಿಗೆ ಸಹಿ ಹಾಕುವುದು ನವೆಂಬರ್ 14ರವರೆಗೆ ಬೇಡ. ಡಿಸೆಂಬರ್ 5 ಮತ್ತು 6 ಶನಿವಾರ, ಭಾನುವಾರ. ಶುಕ್ರ ನೇರ, ಚಂದ್ರನೂ ತುಲೆಯಲ್ಲಿ, ಕುಜನ ಮೊದಲ ಸುತ್ತು ಮುಗಿದು ವಾರ ಕಳೆದಿರುತ್ತದೆ. ಬಾಡಿಗೆ ಎಷ್ಟು, ಅತ್ತೆ-ಮಾವನ ಮನೆಗೆ ಎಷ್ಟು ದೂರ, ವಾರಕ್ಕೆ ಎಷ್ಟು ಸಲ ಬಂದುಹೋಗುವುದು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡೇ ಕೂತುಕೊಳ್ಳಿ.

ಚಿಕ್ಕಮಗಳೂರು ಸ್ವಲ್ಪ ಸೂಕ್ಷ್ಮ. ಅಕ್ಟೋಬರ್ 1-2ಕ್ಕೆ ಕುಜ ಕಟಕ 7°–8°ಯಲ್ಲಿ ನೀಚನಾಗಿದ್ದು, ಅಲ್ಲಿಂದ ತನ್ನ ನಾಲ್ಕನೇ ದೃಷ್ಟಿಯನ್ನು ನೇರ ನಿಮ್ಮ ತುಲಾ ಬಿಂದುವಿನ ಮೇಲೆ ಇಡುತ್ತಾನೆ. ಮರುದಿನವೇ ಶುಕ್ರ ವಕ್ರಿ. ಇಷ್ಟಕ್ಕೆ ಪ್ರವಾಸ ರದ್ದು ಮಾಡಿದರೆ ಕೋಣೆ ಬುಕ್ ಮಾಡಿದವರ ಮನಸ್ಸು ನೋಯುತ್ತದೆ, ಅದೇ ಜಗಳ. ಹೊರಡುವ ಹೊತ್ತು, ದಾರಿಯ ಊಟ, ಯಾವ ದಿನ ಯಾವ ಜಾಗ ಎಂಬುದನ್ನು ಸೆಪ್ಟೆಂಬರ್ ಕೊನೆಗೇ ಗೊತ್ತುಮಾಡಿಕೊಳ್ಳಿ. ಶುಕ್ರವಾರದ ರಜೆಗೆ ಘಾಟಿ ರಸ್ತೆಯಲ್ಲಿ ವಾಹನ ಸಾಲು ನಿಂತಿರುತ್ತದೆ, ಹಸಿದುಕೊಂಡು ಅಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಇದನ್ನೆಲ್ಲ ಒಪ್ಪುವ ಮೊದಲು ಹಿಂದಿನದನ್ನು ತಾಳೆ ನೋಡಿ. ಕುಜ ಇದೇ ಸಿಂಹ ಬಿಂದುವನ್ನು ದಾಟಿದ್ದು 2023ರ ಜುಲೈ 7ರಿಂದ 12, 2025ರ ಜೂನ್ 14ರಿಂದ 19. ಶುಕ್ರ ತುಲಾ ಬಿಂದುವನ್ನು ದಾಟಿದ್ದು 2023ರ ಡಿಸೆಂಬರ್ 6, 2024ರ ಸೆಪ್ಟೆಂಬರ್ 24-25, 2025ರ ನವೆಂಬರ್ 7-8. ಮೊಬೈಲ್‌ನಲ್ಲಿ ನಿಮ್ಮಿಬ್ಬರ ವಾಟ್ಸಾಪ್ ಮಾತುಕತೆ ತೆಗೆದು ಆ ದಿನಗಳನ್ನು ಓದಿ. ಹಾಗೆಯೇ ಯಾವ ಗೋಚಾರವೂ ಇಲ್ಲದ ಐದು ವಾರಗಳನ್ನು ಕಣ್ಣುಮುಚ್ಚಿ ಆರಿಸಿ ಅವನ್ನೂ ಓದಿ. ಜಗಳ ಎರಡೂ ಕಡೆ ಒಂದೇ ಸಮ ಇದ್ದರೆ ಈ ಬಿಂದು ನಿಮ್ಮ ಸಂಸಾರದಲ್ಲಿ ಮಾತಾಡುತ್ತಿಲ್ಲ ಎಂದು ತಿಳಿದು ದಿನ ನೋಡುವುದನ್ನು ಬಿಟ್ಟುಬಿಡಿ. ನಿಮ್ಮ ಜನನ ಸಮಯವನ್ನೂ ಒಮ್ಮೆ ಕೇಳಿಕೊಳ್ಳಿ. ಚಂದ್ರ ಗಂಟೆಗೆ ಅರ್ಧ ಡಿಗ್ರಿ ನಡೆಯುತ್ತಾನೆ, ಎರಡು ಗಂಟೆ ಹೆಚ್ಚುಕಡಿಮೆಯಾಗಿದ್ದರೆ ಬಿಂದುವೇ ಜರುಗಿ ಕುಜನ ದಿನಗಳು ಎರಡು ಮೂರು ದಿನ ಆಚೀಚೆ ಆಗುತ್ತವೆ. ಶುಕ್ರ, ಕುಜರಿಗೆ ಆ ತೊಂದರೆ ಇಲ್ಲ. ಲಗ್ನ ಮಾತ್ರ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, ಆದ್ದರಿಂದ ಲಗ್ನದ ಮೇಲಿನ ಗೋಚಾರ ನೋಡಿ ದಿನ ಗೊತ್ತುಮಾಡುವವರ ಮಾತು ಕೇಳಬೇಡಿ.

ಸೋದರಮಾವನಿಗೆ ಆ ಮೂರು ಅವಧಿಗಳನ್ನು ಬರೆದು ತೋರಿಸಿ. ನೀವು ತವರಿಗೆ ಹೋಗದೆ ಅವರಿಗೆ ಸಮಾಧಾನವಾಗದಿದ್ದರೆ ಫೆಬ್ರವರಿ 19ರಿಂದ 22ರವರೆಗೆ ಯಜಮಾನರನ್ನೂ ಕರೆದುಕೊಂಡೇ ಹೋಗಿಬನ್ನಿ.