‘ನಂದೂ ಅದರಾಗ ಐತೇನ್ರಿ?’ ಎಂಬುದಕ್ಕೆ ಪತ್ರದಲ್ಲೇ ಉತ್ತರ ಇರಲಿ

ಪ್ರಶ್ನೆ: ಗದಗದಲ್ಲಿ ನಮ್ಮದು ಸಣ್ಣ ರಕ್ತ ತಪಾಸಣೆ ಲ್ಯಾಬ್. ಹೋದ ಜೂನ್ 1ರಿಂದ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಲಿಂಕ್ ಮಾಡಿ ಕಳಿಸುತ್ತಿದ್ದೇವೆ. ಫೆಬ್ರವರಿ 9ರ ಸಂಜೆ ಬೆಟಗೇರಿಯ ಗ್ರಾಹಕರೊಬ್ಬರು ಫೋನ್ ಮಾಡಿದರು. ಲಿಂಕಿನ ಕೊನೆಯ ಅಂಕಿ ಬದಲಿಸಿದರೆ ಬೇರೆಯವರ ರಿಪೋರ್ಟ್ ತೆರೆಯುತ್ತದೆ, ನಾನೇ ಮೂರು ನೋಡಿದೆ ಎಂದರು. ಅದೇ ರಾತ್ರಿ ಸಾಫ್ಟ್‌ವೇರ್‌ನವರು ಸರಿ ಮಾಡಿದ್ದಾರೆ. ಯಾವ ಪುಟ ಯಾವಾಗ ತೆರೆಯಿತು ಎಂದು ದಾಖಲಾಗುವ ಲಾಗ್ ನೋಡಿದರೆ ಒಟ್ಟು 26 ಜನರ ರಿಪೋರ್ಟ್ ಹೀಗೆ ತೆರೆದಿರುವುದು ಕಾಣುತ್ತದೆ. ಆದರೆ ಲಾಗ್ ಇರುವುದು 45 ದಿನದ್ದು ಮಾತ್ರ. ಜೂನ್‌ನಿಂದ ಸುಮಾರು 9,400 ಜನರ ರಿಪೋರ್ಟ್ ಅಲ್ಲಿವೆ. ಎಲ್ಲರಿಗೂ ಹೇಳಿದರೆ ಗಾಬರಿಯಾಗುತ್ತಾರೆ. 26 ಜನರಿಗೆ ಹೇಳಿದರೆ ಸಾಕಲ್ವಾ? ಪತ್ರ ಹೇಗೆ ಬರೆಯಬೇಕು?
— ಲ್ಯಾಬ್ ಮಾಲೀಕರು, ಗದಗ

ಉತ್ತರ: ಸಾಲದು. 26 ಜನರಿಗೆ ಒಂದು ಪತ್ರ, ಉಳಿದವರಿಗೆ ಇನ್ನೊಂದು ಪತ್ರ ಬರೆಯಿರಿ. ಎರಡರ ಮಾತೂ ಬೇರೆ ಬೇರೆ ಇರಬೇಕು.

ಕೆಲವು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಅಂಗಡಿಯವರಿಗೆ ಇಂಥದೇ ಪತ್ರ ಬರೆದುಕೊಟ್ಟಿದ್ದೆ. ‘ಕೆಲವು ಗ್ರಾಹಕರ ಕೆಲವು ಮಾಹಿತಿ’ ಎಂದು ಬರೆದಿದ್ದೆ. ಎಲ್ಲರಿಗೂ ಒಂದೇ ಪತ್ರ ಹೋಯಿತು. ಮರುದಿನ ಬೆಳಿಗ್ಗೆಯಿಂದ ಅಂಗಡಿಯ ಫೋನ್ ನಿಲ್ಲಲೇ ಇಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು: ‘ನಂದೂ ಅದರಾಗ ಐತೇನ್ರಿ?’ ನನ್ನ ಪತ್ರದಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಇತ್ತು. ಜನರಿಗೆ ಗಾಬರಿ ಆಗಿದ್ದು ಸುದ್ದಿಯಿಂದಲ್ಲ, ‘ಕೆಲವು’ ಎಂಬ ಆ ಒಂದು ಪದದಿಂದ.

ಪತ್ರಕ್ಕೆ ಮೊದಲು ಲಾಗ್‌ನತ್ತ ಇನ್ನೊಮ್ಮೆ ಬನ್ನಿ. 26 ಎಂಬ ಸಂಖ್ಯೆ ಹೇಗೆ ಬಂತು ಎಂದು ಸಾಫ್ಟ್‌ವೇರ್‌ನವರನ್ನು ಕೂರಿಸಿಕೊಂಡು ಕೇಳಿ. ಅಂಕಿ ಬದಲಿಸುತ್ತಾ ಹೋದವರ ಗುರುತು ಸಾಮಾನ್ಯವಾಗಿ ಹೀಗಿರುತ್ತದೆ:

```
22:11:08  report?id=20417  200
22:11:31  report?id=20418  200
22:11:52  report?id=20419  404
22:12:15  report?id=20420  200
```

ಒಂದೇ ಕಡೆಯಿಂದ, ಕೆಲವೇ ಸೆಕೆಂಡಿನ ಅಂತರದಲ್ಲಿ, ಸಾಲಾಗಿ ಅಂಕಿ ಏರುತ್ತಾ ಹೋಗಿದೆ. 200 ಎಂದರೆ ಪುಟ ತೆರೆದುಕೊಂಡಿದೆ, 404 ಎಂದರೆ ಆ ಸಂಖ್ಯೆಯ ರಿಪೋರ್ಟೇ ಇರಲಿಲ್ಲ. ಲೆಕ್ಕ ತಪ್ಪುವುದು ಮೂರು ಕಡೆ. ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದಾಗ ಮುನ್ನೋಟ ತೋರಿಸಲು ಆ್ಯಪ್ ತಾನೇ ಒಮ್ಮೆ ಪುಟ ತೆರೆಯುತ್ತದೆ. ಅದು ಮನುಷ್ಯರು ನೋಡಿದ್ದಲ್ಲ. ಇನ್ನೊಂದು, ಮೊಬೈಲ್ ಕಂಪನಿಗಳು ನೂರಾರು ಜನರನ್ನು ಒಂದೇ ಐಪಿ ವಿಳಾಸದ ಹಿಂದೆ ಇಡುತ್ತವೆ. ಹಾಗಾಗಿ ಐಪಿ ಒಂದೇ ಇದೆ ಎಂದ ಮಾತ್ರಕ್ಕೆ ನೋಡಿದವರು ಒಬ್ಬರೇ ಎನ್ನಲಾಗದು. ವೈದ್ಯರು ತಮ್ಮದೇ ರೋಗಿಗಳ ಮೂರು ರಿಪೋರ್ಟನ್ನು ಬೆನ್ನಿಗೆ ಬೆನ್ನು ತೆರೆದದ್ದೂ ಇರಬಹುದು. ಇವನ್ನು ಸೋಸಿದ ಮೇಲೂ 26 ಉಳಿದರೆ ಅದನ್ನು ಧೈರ್ಯವಾಗಿ ಬರೆಯಿರಿ.

ಆ 26ರಲ್ಲೂ ಎರಡು ಪಾಲಿವೆ. ಮೂರನ್ನು ತೆರೆದವರು ನಿಮಗೆ ಫೋನ್ ಮಾಡಿದವರೇ. ಉಳಿದ 23 ತೆರೆದವರು ಯಾರೆಂದು ಗೊತ್ತಿಲ್ಲ. ಆ ಮೂವರಿಗೆ ‘ನೋಡಿದವರು ತಾವಾಗಿಯೇ ನಮಗೆ ತಿಳಿಸಿದರು’ ಎಂಬ ಒಂದು ಸಾಲು ದೊಡ್ಡ ಸಮಾಧಾನ. ಆದರೆ ಅವರ ಹೆಸರು, ಬೆಟಗೇರಿ ಎಂಬ ಊರು ಯಾವುದೂ ಪತ್ರದಲ್ಲಿ ಬರಬಾರದು. ಊರು ಸಣ್ಣದು, ಸಂಜೆಯೊಳಗೆ ಪತ್ತೆಯಾಗಿಬಿಡುತ್ತಾರೆ. ಒಳ್ಳೆಯದು ಮಾಡಿದವರಿಗೆ ನಾವೇ ತೊಂದರೆ ತಂದಂತಾಗುತ್ತದೆ.

23 ಜನರಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ:

> ನಮಸ್ಕಾರ. ನಮ್ಮ ಲ್ಯಾಬಿನಲ್ಲಿ ಇರುವ ನಿಮ್ಮ ಒಂದು ರಿಪೋರ್ಟನ್ನು ಫೆಬ್ರವರಿ 2ರ ರಾತ್ರಿ ನಿಮ್ಮ ಅನುಮತಿ ಇಲ್ಲದೆ ಬೇರೊಬ್ಬರು ತೆರೆದಿದ್ದಾರೆ. ಅವರು ಯಾರೆಂದು ನಮಗೆ ಗೊತ್ತಾಗಿಲ್ಲ. ರಿಪೋರ್ಟಿನಲ್ಲಿ ನಿಮ್ಮ ಹೆಸರು, ವಯಸ್ಸು, ಕಳಿಸಿದ ವೈದ್ಯರ ಹೆಸರು ಮತ್ತು ತಪಾಸಣೆಯ ಫಲಿತಾಂಶ ಇದ್ದವು. ಫೋನ್ ನಂಬರ್, ಆಧಾರ್, ಬ್ಯಾಂಕ್ ವಿವರ ಆ ಪುಟದಲ್ಲಿ ಇರಲಿಲ್ಲ. ನಮ್ಮ ಆನ್‌ಲೈನ್ ರಿಪೋರ್ಟ್ ವ್ಯವಸ್ಥೆಯಲ್ಲಿದ್ದ ದೋಷದಿಂದ ಹೀಗಾಯಿತು. ಇದು ನಮ್ಮ ತಪ್ಪು, ಕ್ಷಮಿಸಿ. ಫೆಬ್ರವರಿ 9ರ ಸಂಜೆ ನಮಗೆ ತಿಳಿಯಿತು, ಅದೇ ರಾತ್ರಿ ಸರಿಪಡಿಸಿದೆವು. ಅವರು ರಿಪೋರ್ಟನ್ನು ಉಳಿಸಿಕೊಂಡಿದ್ದಾರೋ ಇಲ್ಲವೋ ಹೇಳಲು ನಮಗೆ ಆಗುವುದಿಲ್ಲ.

ಮೊದಲ ವಾಕ್ಯದಲ್ಲೇ ‘ನಿಮ್ಮ ಒಂದು ರಿಪೋರ್ಟನ್ನು’ ಎಂದು ಬಂದಿದೆ ನೋಡಿ. ಪೀಠಿಕೆ ಇಲ್ಲ. ‘ತಾಂತ್ರಿಕ ಕಾರಣದಿಂದ’ ಎನ್ನುವುದೂ ಇಲ್ಲ. ಆ ಮಾತನ್ನು ಜನ ಕರೆಂಟ್ ಹೋದಾಗಲೂ ಕೇಳಿದ್ದಾರೆ, ಈಗ ನಂಬುವುದಿಲ್ಲ. ಸಾಫ್ಟ್‌ವೇರ್ ಕಂಪನಿಯ ಮೇಲೂ ಹಾಕಬೇಡಿ. ಗ್ರಾಹಕರು ರಕ್ತ ಕೊಟ್ಟದ್ದು ನಿಮ್ಮ ಲ್ಯಾಬಿಗೆ. ‘ಲಿಂಕಿನ ಅಂಕಿ ಬದಲಿಸಿ ನೋಡಿದರು’ ಎಂಬ ವಿವರವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದೇ ಸಾಫ್ಟ್‌ವೇರ್ ಬೇರೆ ಲ್ಯಾಬ್‌ಗಳಲ್ಲೂ ಇದ್ದರೆ ಅಲ್ಲಿ ಇನ್ನೂ ಸರಿಯಾಗದೇ ಇರಬಹುದು. ನೇರವಾಗಿ ಕೇಳಿದವರಿಗೆ ಸುಳ್ಳು ಹೇಳಬಾರದು, ಆದರೆ ದಾರಿಯನ್ನು ಬರೆದು ಹಂಚಬೇಕಾಗಿಲ್ಲ. ‘ಇರಲಿಲ್ಲ’ ಎಂದು ಬರೆಯುವ ಮುಂಚೆ ರಿಪೋರ್ಟಿನ ಪುಟವನ್ನು ನೀವೇ ತೆರೆದು ಒಂದೊಂದು ಸಾಲು ನೋಡಿ. ಎಷ್ಟೋ ರಿಪೋರ್ಟಿನಲ್ಲಿ ಕೆಳಗಡೆ ಸಣ್ಣಕ್ಷರದಲ್ಲಿ ಫೋನ್ ನಂಬರ್ ಇದ್ದೇ ಇರುತ್ತದೆ. ಇದ್ದರೆ ಆ ವಾಕ್ಯ ಬದಲಾಗಬೇಕು.

ಇನ್ನು ಕಷ್ಟದ ಪತ್ರ, ಉಳಿದ ಒಂಬತ್ತು ಸಾವಿರ ಚಿಲ್ಲರೆ ಜನರದ್ದು. ಇಲ್ಲಿ ಕೈ ತಾನಾಗಿ ಬರೆಯುವ ವಾಕ್ಯ ಒಂದಿದೆ: ‘ನಿಮ್ಮ ಮಾಹಿತಿ ಬಳಕೆಯಾದ ಬಗ್ಗೆ ಯಾವುದೇ ಪುರಾವೆ ಸಿಕ್ಕಿಲ್ಲ.’ ಅಕ್ಷರಶಃ ನಿಜ. ಆದರೆ ಓದಿದವರಿಗೆ ‘ಹುಡುಕಿದರು, ಏನೂ ಇರಲಿಲ್ಲ’ ಎಂದೇ ಕೇಳಿಸುತ್ತದೆ. ನಿಮ್ಮ ಲಾಗ್ ಶುರುವಾಗುವುದು ಡಿಸೆಂಬರ್ 26ಕ್ಕೆ. ಜೂನ್‌ನಿಂದ ಡಿಸೆಂಬರ್‌ವರೆಗೆ ನೀವು ಹುಡುಕಿಯೇ ಇಲ್ಲ, ಹುಡುಕಲು ಅಲ್ಲಿ ಏನೂ ಉಳಿದಿಲ್ಲ. ಕಾವಲುಗಾರ ಇಲ್ಲದ ರಾತ್ರಿಯ ಬಗ್ಗೆ ‘ಯಾರೂ ಬಂದದ್ದು ಕಂಡಿಲ್ಲ’ ಎಂದಂತೆ ಆಗುತ್ತದೆ. ನಾನು ಬರೆಯುವುದು ಹೀಗೆ:

> ಜೂನ್ 1ರಿಂದ ಫೆಬ್ರವರಿ 9ರವರೆಗೆ ನಮ್ಮ ಆನ್‌ಲೈನ್ ರಿಪೋರ್ಟ್ ವ್ಯವಸ್ಥೆಯಲ್ಲಿ ಒಂದು ದೋಷ ಇತ್ತು. ಆ ಅವಧಿಯಲ್ಲಿ ನಿಮ್ಮ ರಿಪೋರ್ಟನ್ನು ಬೇರೆಯವರು ತೆರೆಯಲು ಸಾಧ್ಯವಿತ್ತು. ಯಾರು ಯಾವ ರಿಪೋರ್ಟ್ ತೆರೆದರು ಎಂಬ ದಾಖಲೆ ನಮ್ಮ ಬಳಿ ಡಿಸೆಂಬರ್ 26ರಿಂದ ಮಾತ್ರ ಇದೆ. ಅಲ್ಲಿಂದೀಚೆಗೆ 26 ಜನರ ರಿಪೋರ್ಟನ್ನು ಬೇರೆಯವರು ತೆರೆದಿದ್ದಾರೆ, ಅವರಲ್ಲಿ ನೀವಿಲ್ಲ. ಅದಕ್ಕಿಂತ ಹಿಂದಿನ ದಾಖಲೆ ಉಳಿದಿಲ್ಲ. ಆಗ ನಿಮ್ಮ ರಿಪೋರ್ಟ್ ತೆರೆಯಲಾಗಿತ್ತೇ ಎಂಬುದನ್ನು ಖಚಿತವಾಗಿ ಹೇಳಲು ನಮಗೆ ಆಗುವುದಿಲ್ಲ.

ಡಿಸೆಂಬರ್ 26ರ ನಂತರವೇ ಮೊದಲ ಸಲ ಬಂದ ಗ್ರಾಹಕರಿಗೆ ಕೊನೆಯ ಎರಡು ವಾಕ್ಯ ಬೇಕಿಲ್ಲ. ಅವರಿಗೆ ‘ಅವರಲ್ಲಿ ನೀವಿಲ್ಲ’ ಎಂಬಲ್ಲಿಗೆ ನಿಲ್ಲಿಸಬಹುದು. ಸುಮ್ಮನೆ ಯಾಕೆ ಹೆದರಿಸುವುದು?

ಲಾಗ್ ವಿಷಯದಲ್ಲಿ ಒಂದು ಕಹಿ ಮಾತಿದೆ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 28 ಏಪ್ರಿಲ್ 2022ರ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು ಎಂದೂ ಅದರಲ್ಲಿದೆ. ನೀವು ಇನ್ನೂ ತಿಳಿಸಿಲ್ಲವಾದರೆ ಇವತ್ತೇ incident@cert-in.org.in ವಿಳಾಸಕ್ಕೆ ಬರೆಯಿರಿ. ಗಮನಕ್ಕೆ ಬಂದ ಸಮಯವನ್ನು ಇದ್ದ ಹಾಗೇ ಹಾಕಿ. ತಡವಾದದ್ದನ್ನು ವಿವರಿಸಬಹುದು, ತಿದ್ದಿದ ಸಮಯವನ್ನು ವಿವರಿಸುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ನವೆಂಬರ್ 2025ರಲ್ಲಿ ಬಂದಿವೆ. ಸೋರಿಕೆಯ ತಿಳಿವಳಿಕೆ ಪತ್ರದ ಭಾಗಕ್ಕೆ 18 ತಿಂಗಳ ಕಾಲಾವಕಾಶ ಇದೆ. ಆದರೂ ಪತ್ರದಲ್ಲಿ ಏನಿರಬೇಕು ಎಂಬುದಕ್ಕೆ ಈಗಲೇ ಅದನ್ನು ಅಳತೆಗೋಲು ಮಾಡಿಕೊಳ್ಳಿ: ಏನಾಯಿತು, ಅದರಿಂದ ಆ ವ್ಯಕ್ತಿಗೆ ಏನಾಗಬಹುದು, ನೀವೇನು ಮಾಡಿದಿರಿ, ಅವರೇನು ಮಾಡಬೇಕು, ಕೇಳಲು ಯಾರಿದ್ದಾರೆ. ಎರಡೂ ಪತ್ರವನ್ನು ಕಳಿಸುವ ಮುಂಚೆ ವಕೀಲರಿಗೆ ತೋರಿಸಿ. ಅವರು ಪದ ತಿದ್ದಲಿ, ಆದರೆ ‘ದಾಖಲೆ ಉಳಿದಿಲ್ಲ’ ಎಂಬ ಸಾಲನ್ನು ತೆಗೆಯಲು ಬಿಡಬೇಡಿ.

‘ಅವರೇನು ಮಾಡಬೇಕು’ ಎಂಬಲ್ಲಿ ಪಾಸ್‌ವರ್ಡ್ ಬದಲಿಸಿ ಎಂದು ಬರೆಯಬೇಡಿ. ಇಲ್ಲಿ ಪಾಸ್‌ವರ್ಡೇ ಇರಲಿಲ್ಲ. ಇಲ್ಲಿರುವ ಅಪಾಯ ಬೇರೆ. ಯಾರೋ ಫೋನ್ ಮಾಡಿ, ‘ಇಂಥ ಡಾಕ್ಟರ್ ಕಡೆಯಿಂದ ಮಾತಾಡ್ತಿದ್ದೇವೆ, ನಿಮ್ಮ ಶುಗರ್ ಇಷ್ಟು ಬಂದಿದೆ, ಔಷಧಿಗೆ ಮುಂಗಡ ಕಳಿಸಿ’ ಎಂದರೆ ಯಾರಾದರೂ ನಂಬುತ್ತಾರೆ, ಯಾಕೆಂದರೆ ಹೇಳಿದ್ದೆಲ್ಲ ನಿಜವಾಗಿರುತ್ತದೆ. ಹಾಗಾಗಿ ಬರೆಯಿರಿ: ರಿಪೋರ್ಟಿನ ವಿವರ ಹೇಳಿ ಹಣ ಅಥವಾ ಓಟಿಪಿ ಕೇಳಿದರೆ ಕೊಡಬೇಡಿ, ನಾವು ಫೋನಿನಲ್ಲಿ ಹಣ ಕೇಳುವುದಿಲ್ಲ, ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಪತ್ರದಲ್ಲಿ ಯಾವ ಲಿಂಕೂ ಬೇಡ. ಲಿಂಕಿನಿಂದಲೇ ಆದ ಅನಾಹುತ ಇದು.

ಕಳಿಸುವ ಬಗೆಗೆ ಬರೆಯುವಷ್ಟೇ ಎಚ್ಚರ ಬೇಕು. ರೋಣ, ಮುಂಡರಗಿ ಕಡೆಯಿಂದ ಬರುವ ಎಷ್ಟೋ ಹಿರಿಯರು ಲ್ಯಾಬಿನಲ್ಲಿ ಮಗನ ನಂಬರ್ ಬರೆಸಿರುತ್ತಾರೆ, ಕೆಲವರು ಪಕ್ಕದ ಮನೆಯವರದ್ದು. ಆ ನಂಬರಿಗೆ ‘ನಿಮ್ಮ ಥೈರಾಯ್ಡ್ ರಿಪೋರ್ಟ್’ ಎಂದು ಮೆಸೇಜ್ ಹೋದರೆ ಪತ್ರವೇ ಎರಡನೇ ಸೋರಿಕೆ. ತಪಾಸಣೆಯ ಹೆಸರು ಎಲ್ಲೂ ಬೇಡ, ಲಕೋಟೆಯ ಮೇಲೆ ಅಂತೂ ಬೇಡವೇ ಬೇಡ. 26 ಜನರಿಗೆ ಮೊದಲು ನಿಮ್ಮ ಲ್ಯಾಬಿನ ಪರಿಚಿತ ದನಿಯೇ ಫೋನ್ ಮಾಡಲಿ. ‘ನೀವೇ ಮಾತಾಡ್ತಿದ್ದೀರಲ್ಲ, ಪಕ್ಕದಲ್ಲಿ ಯಾರಾದರೂ ಇದ್ದಾರಾ?’ ಎಂದು ಕೇಳಿ ಆಮೇಲೆ ವಿಷಯಕ್ಕೆ ಬರಲಿ. ಅವರಲ್ಲಿ ಎಚ್‌ಐವಿ ತಪಾಸಣೆ ಆದವರಿದ್ದರೆ ಮನೆಗೆ ಪತ್ರವೇ ಬೇಡ. ಲ್ಯಾಬಿಗೆ ಕರೆಸಿ, ಒಬ್ಬರೇ ಇದ್ದಾಗ ನೀವೇ ಹೇಳಿ. ಆ ಮಾಹಿತಿಯ ಗುಟ್ಟು ಕಾಯಲು 2017ರ ಪ್ರತ್ಯೇಕ ಕಾಯ್ದೆಯೇ ಇದೆ.

26 ಜನರ ಕೆಲಸ ಎರಡು ದಿನದಲ್ಲಿ ಮುಗಿಯಲಿ, ಉಳಿದವರಿಗೆ ಅದರ ಬೆನ್ನಲ್ಲೇ ಹೋಗಲಿ. ಎಲ್ಲ ತನಿಖೆ ಮುಗಿಯಲಿ ಎಂದು ಕಾಯಬೇಡಿ. ಅದಕ್ಕೇ ಎರಡೂ ಪತ್ರದ ಕೆಳಗೆ ‘ಇದು ಫೆಬ್ರವರಿ ಇಂಥ ದಿನದವರೆಗೆ ನಮಗೆ ತಿಳಿದಿರುವ ವಿಷಯ’ ಎಂದು ತಾರೀಕು ಹಾಕಿ. ನಾಳೆ ಲಾಗ್‌ನಲ್ಲಿ ಇನ್ನೂ ಐದು ಹೆಸರು ಸಿಕ್ಕರೆ, ಆ ಐದು ಜನರ ಕೈಯಲ್ಲಿ ‘ಅವರಲ್ಲಿ ನೀವಿಲ್ಲ’ ಎಂಬ ನಿಮ್ಮದೇ ಪತ್ರ ಇರುತ್ತದೆ. ಅವರಿಗೆ ಅದೇ ದಿನ ಫೋನ್ ಮಾಡಿ, ‘ಮೊದಲು ಇಲ್ಲ ಎಂದು ಬರೆದಿದ್ದೆವು, ಅದು ತಪ್ಪಾಗಿತ್ತು’ ಎಂಬಲ್ಲಿಂದಲೇ ಮಾತು ಶುರು ಮಾಡಿ.