ಕೆಲಸದ ಮುಂದೆ ‘ಟೀಮ್’ ಅಂತ ಬರೆಯಬೇಡಿ

“ಮೀಟಿಂಗ್ ಮುಗಿದ ದಿನವೇ ಮಿನಿಟ್ಸ್ ಮೇಲ್ ಮಾಡ್ತೀನಿ, ಆದ್ರೂ ಯಾರೂ ಕೆಲಸ ಮುಗಿಸಲ್ಲ. ಏನು ತಪ್ಪಿದೆ?”

ಕೆಲಸದ ಮುಂದೆ ಯಾರ ಹೆಸರಿದೆ, ಮೊದಲು ಅದನ್ನು ನೋಡಿ. ನಾನೊಮ್ಮೆ ‘ಲಾಗಿನ್ ತೊಂದರೆ: ಟೆಸ್ಟಿಂಗ್ ಟೀಮ್, ಆದಷ್ಟು ಬೇಗ’ ಅಂತ ಬರೆದು ಕಳಿಸಿದ್ದೆ. ಎರಡು ವಾರ ಯಾರೂ ಮುಟ್ಟಲಿಲ್ಲ, ಇನ್ನೊಬ್ಬರು ನೋಡುತ್ತಾರೆ ಅಂತ ಎಲ್ಲರೂ ಸುಮ್ನಿದ್ದರು. ಈಗ ಒಂದು ಕೆಲಸಕ್ಕೆ ಒಂದೇ ಹೆಸರು, ಮತ್ತೆ ಏನಾದರೆ ಮುಗಿದ ಹಾಗೆ ಅನ್ನೋದನ್ನೂ ಬರೆಯುತ್ತೇನೆ: ‘ರಮ್ಯಾ: ಹಳೇ ಪಾಸ್‌ವರ್ಡ್‌ನಿಂದ ಲಾಗಿನ್ ಪರೀಕ್ಷಿಸಿ, ವರದಿಯನ್ನು 14ನೇ ತಾರೀಖು ಸಂಜೆ 4ರೊಳಗೆ ಕಳಿಸುವುದು’. ತಾರೀಖನ್ನು ನೀವೇ ಹಾಕಬೇಡಿ, ಮೀಟಿಂಗ್‌ನಲ್ಲೇ ಕೆಲಸ ಮಾಡುವವರ ಬಾಯಿಂದ ಹೇಳಿಸಿ. ಮೀಟಿಂಗ್‌ಗೆ ಬಾರದವರ ಹೆಸರಿಗೆ ಕೆಲಸ ಬಿದ್ದಿದ್ದರೆ ಮೇಲ್ ಕಳಿಸೋ ಮೊದಲು ಒಂದು ಮಾತು ಕೇಳಿ, ಇಲ್ಲದಿದ್ದರೆ ‘ನಾನು ಒಪ್ಪಿಕೊಂಡೇ ಇರಲಿಲ್ಲ’ ಅಂತಾರೆ. ತೀರ್ಮಾನಗಳು ಮೇಲ್‌ನ ಶುರುವಿನಲ್ಲೇ ಇರಲಿ, ಚರ್ಚೆಯ ಪುರಾಣ ಕೆಳಗೆ. ಅದನ್ನು ಓದುವವರು ಕಡಿಮೆ ಅಲ್ವಾ?